ಹದಿಮೂರು ತಿಂಗಳ ವರ್ಷದಲ್ಲಿ ಹಚ್ಚದ ದೀಪ

ನನ್ನ ಅಕ್ಕ ಒಂದು ಸಂಜೆ ನನ್ನ ಮನೆಯಲ್ಲಿ ಒಂದು ದೀಪ ಹಚ್ಚುತ್ತೇನೆ ಎಂದಳು. ನಾನು ಹಚ್ಚಗೊಡಲಿಲ್ಲ. ಅವಳ ಕೈಯಲ್ಲಿದ್ದ ಗಾಜಿನ ಲೋಟ ಇಸಿದುಕೊಂಡು, ಅದರಲ್ಲಿದ್ದ ಎಣ್ಣೆಯನ್ನು ಬಾಟಲಿಗೆ ತಿರುಗಿ ಸುರಿದೆ. ನನ್ನ ತಪ್ಪು ಇಷ್ಟೇ. ಹೇಳಲು ಎರಡು ಸಾಲು ಸಾಕಾಯಿತು, ಬಾಯಿ ಬಿಟ್ಟು ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು.

ಈಗ ಯಾಕೆ ನೆನಪಾಯಿತೆಂದರೆ, ಅದೇ ಲೋಟದಲ್ಲಿ ಇವತ್ತು ಬೆಳಿಗ್ಗೆ ನನಗೆ ಚಹಾ ಬಂತು. ನನ್ನ ಹೆಂಡತಿ ಮಹಾನಂದಾ ಬೇಕೆಂದೇ ಕೊಟ್ಟಳೋ, ಬೇರೆ ಲೋಟ ತೊಳೆದಿರಲಿಲ್ಲವೋ, ನಾನು ಕೇಳಲಿಲ್ಲ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಕೆಲವನ್ನು ಕೇಳಬಾರದು ಎನ್ನುವಷ್ಟು ಬುದ್ಧಿ ನನಗೂ ಬಂದಿದೆ.

ನಾನು ಸೋಲಾಪುರದ ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬಿಚ್ಚಿದ ಚಾದರ್ ಮಡಿಸುವುದು, ಮಡಿಸಿದ್ದನ್ನು ಮತ್ತೆ ಬಿಚ್ಚುವುದು. ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಮೈಂದರ್ಗಿಯ ಕನ್ನಡ ಸಾಲೆಯಲ್ಲಿ. ನಾಲ್ಕಕ್ಕೇ ಯಾಕೆ ನಿಂತಿತು ಎಂದು ಯಾರಾದರೂ ಕೇಳಿದರೆ ಮನೆಯ ಕಷ್ಟ ಎನ್ನುತ್ತೇನೆ. ಖರೆ ಕಾರಣ ಭಾಗಾಕಾರ. ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿದರೆ ಏನೋ ಒಂದು ಉಳಿಯುತ್ತದಲ್ಲ, ಆ ಶೇಷ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲರಿಗೂ ಸಮನಾಗಿ ಹಂಚಿದ ಮೇಲೆ ಮತ್ತೆ ಉಳಿಯುವುದು ಹೇಗೆ? ಉಳಿದಿದ್ದರೆ ಹಂಚಿದವನೇ ತಪ್ಪು ಮಾಡಿರಬೇಕು. ಮಾಸ್ತರರ ಮುಂದೆ ಈ ವಾದ ಹೂಡಿದ ದಿನ ನನ್ನ ಅಂಗೈ ಕೆಂಪಾಯಿತು.

ನನಗೆ ಅದನ್ನು ಕಲಿಸಲು ಹೆಣಗಿದವಳು ಶಾಂತಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಏಳನೆಯ ಇಯತ್ತೆ ಪಾಸಾದವಳು. ಸೀತನಿ ತಿನ್ನುವ ದಿನಗಳು ಅವು. ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳುಗಳನ್ನು ನನ್ನ ಮುಂದೆ ಸುರಿಯುತ್ತಿದ್ದಳು.

"ಇಪ್ಪತ್ಮೂರು ಕಾಳ ಅದಾವ. ಐದೈದು ಮಾಡಿ ಇಡು. ಎಷ್ಟು ಗುಂಪಾದ್ವು?"

"ನಾಕು."

"ಉಳದದ್ದೆಷ್ಟು?"

ನಾನು ಉಳಿದ ಮೂರು ಕಾಳನ್ನು ಬಾಯಿಗೆ ಹಾಕಿಕೊಂಡು, "ಏನೂ ಉಳದಿಲ್ಲ" ಎನ್ನುತ್ತಿದ್ದೆ. ಅವಳು ತಲೆಗೊಂದು ಮೊಟಕಿ, ಮತ್ತೆ ಇಪ್ಪತ್ತಮೂರು ಎಣಿಸುತ್ತಿದ್ದಳು. ಈ ಮೂರು ಕಾಳು ನೆನಪಿರಲಿ, ಮುಂದೆ ಬರುತ್ತವೆ.

ಶಾಂತಕ್ಕನ ಗಂಡ ಸಾಲೋಮನ್ ದಾಜಿ. ನಮ್ಮ ಕಡೆ ಅಕ್ಕನ ಗಂಡನಿಗೆ ಮರಾಠಿಯಂತೆ ದಾಜಿ ಎನ್ನುವುದೇ ರೂಢಿ. ಅವರು ಯಹೂದಿ. ಕೊಂಕಣದ ಕಡೆಯಿಂದ ಎಷ್ಟೋ ತಲೆಮಾರಿನ ಹಿಂದೆ ಚದುರಿದ, ಮನೆಯಲ್ಲಿ ಮರಾಠಿಯನ್ನೇ ಮಾತಾಡುವ ಮಂದಿ. ಅಕ್ಕಲಕೋಟದಲ್ಲಿ ನೀರಿನ ಮೋಟರ್ ಸುತ್ತುವ ಅಂಗಡಿ ಇತ್ತು. ಮೈಂದರ್ಗಿಯ ನಮ್ಮ ಬಾವಿಯ ಮೋಟರ್ ಸುಟ್ಟಾಗ ದುರಸ್ತಿಗೆ ಬಂದವರು, ಒಂದೇ ಬಾರಿಗೆ ಆಗುವ ಕೆಲಸಕ್ಕೆ ನಾಲ್ಕು ಬಾರಿ ಬಂದರು. ನಾಲ್ಕನೆಯ ಬಾರಿಗೆ ಅಪ್ಪನಿಗೆ ಸಂಶಯ ಬಂತು. ಮದುವೆಯಾದ ಮೇಲೆ ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ದ. ಮೂರನೆಯ ವರ್ಷ ಬೇಸಿಗೆಯಲ್ಲಿ ಮೋಟರ್ ಮತ್ತೆ ಸುಟ್ಟಿತು. ಬೇರೆ ಮಿಸ್ತ್ರಿ ಯಾರೂ ಸಿಗದೆ ಮಾತು ಶುರುವಾಯಿತು.

ಶನಿವಾರ ಯಹೂದಿಗಳಿಗೆ ಕೆಲಸ ಬಿಡುವ ದಿನ, ದಾಜಿ ಅವತ್ತು ಅಂಗಡಿ ತೆಗೆಯುತ್ತಿರಲಿಲ್ಲ. ಸುತ್ತಲಿನ ಹಳ್ಳಿಯವರು ಇವರಿಗೆ ಮಾರುತಿಯದೋ ಶನಿದೇವರದೋ ಕಡಕ್ ವ್ರತ ಇದೆ ಎಂದು ತಿಳಿದು ಶನಿವಾರದ ಮಿಸ್ತ್ರಿ ಎಂದು ಕೈ ಮುಗಿಯುತ್ತಿದ್ದರು. ದಾಜಿ ತಿದ್ದಲು ಹೋಗಲಿಲ್ಲ. "ವ್ರತ ಅಂದ್ರೂ ತಪ್ಪಿಲ್ಲಲ್ಲ" ಎನ್ನುತ್ತಿದ್ದರು. ಮನೆಯ ಒಂದು ಗೋಡೆಗೆ ಅಕ್ಕ ನಂಬಿದ ಅಕ್ಕಲಕೋಟದ ಸ್ವಾಮಿಯ ಫೋಟೊ, ಎದುರು ಗೋಡೆಗೆ ದಾಜಿಯ ಕ್ಯಾಲೆಂಡರ್. ಇಬ್ಬರೂ ಧರ್ಮ ಬದಲಿಸಲಿಲ್ಲ. ಮಕ್ಕಳಾಗಲಿಲ್ಲ. ದಾಜಿಯ ಕಡೆಯವರಲ್ಲಿ ಈಗ ಉಳಿದಿರುವುದು ಠಾಣೆಯಲ್ಲಿರುವ ಅವರ ಚಿಕ್ಕಪ್ಪನ ಮಗಳು, ನಾವೆಲ್ಲ ಮರಾಠಿಯಂತೆ ಆತ್ಯಾ, ಅಂದರೆ ಅತ್ತೆ, ಎಂದು ಕರೆಯುವ ರಿವ್ಕಾ ಆತ್ಯಾ ಒಬ್ಬರೇ.

ಆ ಕ್ಯಾಲೆಂಡರು ನಮಗೆಲ್ಲ ಒಂದು ಚೇಷ್ಟೆಯ ವಸ್ತುವಾಗಿತ್ತು. ಅದರ ಹೊಸ ವರ್ಷ ಒಂದು ಸಲ ಸೆಪ್ಟೆಂಬರ್ ನಡುವಿಗೆ ಬಂದರೆ ಮರುವರ್ಷ ಅಕ್ಟೋಬರಕ್ಕೆ ಜಿಗಿಯುತ್ತಿತ್ತು, ಆಮೇಲೆ ಹಿಂದೆ ಹಿಂದೆ ಸರಿಯುತ್ತಿತ್ತು. ಅವರ ದಿನ ಸೂರ್ಯ ಮುಳುಗಿದ ಕೂಡಲೇ ಶುರು. ಶುಕ್ರವಾರ ಸಂಜೆಗೇ ಶನಿವಾರ. ಅವರ ಹೊಸ ವರ್ಷ ರವಿವಾರ, ಬುಧವಾರ, ಶುಕ್ರವಾರ ಬರಲೇ ಬಾರದಂತೆ. ಯಾಕೆಂದು ಒಮ್ಮೆ ಕೇಳಿದ್ದೆ. ದಾಜಿ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಲೇ ಹೇಳಿದರು: "ಹೊಸ ವರ್ಷದ ಹತ್ತನೇ ದಿನಕ್ಕ ನಮ್ದು ದೊಡ್ಡ ಉಪಾಸ. ಹೊಸ ವರ್ಷ ಬುಧವಾರ ಇಲ್ಲಾ ಶುಕ್ರವಾರ ಬಂದ್ರ ಉಪಾಸ ಶನಿವಾರಕ್ಕ ಅಂಟಿಕೊಂಡು ಬರ್ತದ. ಎರಡು ದಿನ ಸತತ ಒಲಿ ಹಚ್ಚಂಗಿಲ್ಲ. ರವಿವಾರ ಬಂದ್ರ ಇನ್ನೊಂದು ಹಬ್ಬ ಶನಿವಾರದ ಮ್ಯಾಲ ಕೂಡ್ತದ. ಅದಕ್ಕ ಒಂದು ದಿನ, ಎರಡು ದಿನ ಮುಂದಕ್ಕ ತಳ್ತಾರ."

"ತಳ್ಳಿದ್ದನ್ನ ಎಲ್ಲಿ ತುಂಬ್ತೀರಿ?"

"ಹೆಶ್ವಾನ್, ಕಿಸ್ಲೇವ್ ಅಂತ ಎರಡು ತಿಂಗಳ ಅದಾವ. ಅವಕ್ಕ ಇಪ್ಪತ್ತೊಂಬತ್ತು ದಿನಾನೂ ಕೊಡಬಹುದು, ಮೂವತ್ತೂ ಕೊಡಬಹುದು. ತಂತಿ ಸಡಿಲ ಬಿಟ್ಟಂಗ."

"ಹಂಗಂದ್ರ ಖೋಟಾ ಕ್ಯಾಲೆಂಡರ್ ನಿಮ್ದು" ಎಂದು ನಾನು ನಕ್ಕಿದ್ದೆ. ದಾಜಿಯೂ ನಕ್ಕಿದ್ದರು. ಅವರು ನಕ್ಕದ್ದರಿಂದ ನಾನು ಜಾಣನೆಂದು ತಿಳಿದುಕೊಂಡೆ.

ದಾಜಿ ತೀರಿಕೊಂಡದ್ದು 2023ರ ಮಾರ್ಚ್ ಹನ್ನೊಂದು, ಶನಿವಾರ ಬೆಳಿಗ್ಗೆ. ಹೋಳಿಯಾಗಿ ನಾಲ್ಕು ದಿನವಾಗಿತ್ತು. ಪಕ್ಕದ ಮನೆಯ ತಾರಾಬಾಯಿಗೆ ಅವತ್ತು ಸಂಕಷ್ಟಿಯ ಉಪವಾಸ. ಬೆಳಿಗ್ಗೆ ಬಂದವರು ಬಾಯಿಗೆ ನೀರನ್ನೂ ಹಾಕದೆ ಅಕ್ಕನ ಪಕ್ಕದಲ್ಲಿ ಕೂತಿದ್ದರು. ಮರುದಿನ ಪುಣೆಗೆ ಒಯ್ದು ಅವರ ಪದ್ಧತಿಯಂತೆ ಮಣ್ಣು ಮಾಡಿದೆವು. ಅಲ್ಲಿ ರಿವ್ಕಾ ಆತ್ಯಾ ಅಕ್ಕನಿಗೆ ಹೇಳಿದರು, ವರ್ಷಕ್ಕೊಮ್ಮೆ ಆ ದಿನ ಬರುವ ಹಿಂದಿನ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಒಂದು ದೀಪ ಹಚ್ಚು. ಮರುದಿನ ಸೂರ್ಯ ಮುಳುಗುವ ತನಕ ಉರಿಯಲಿ.

ಅಕ್ಕ ನನ್ನ ಕಡೆ ತಿರುಗಿ, "ಆ ಸಂಜಿಗೆ ನೀನೂ ಬಾರಪ್ಪ. ಒಬ್ಬಾಕಿ ಹಚ್ಚಿದ್ರ ಮನಿ ಭಾಳ ಸುಮ್ಮ ಅನಸ್ತದ" ಎಂದಳು. ಬರುತ್ತೇನೆಂದು ಮಾತು ಕೊಟ್ಟೆ. ಅಲ್ಲೇ ನಿಂತು ಮೊಬೈಲಿನಲ್ಲಿ ಮಾರ್ಚ್ ಹನ್ನೊಂದಕ್ಕೆ ನೆನಪಿನ ಗಂಟೆಯನ್ನೂ ಇಟ್ಟೆ. ಅಂಥ ಕೆಲಸ ಮಾಡಿದಾಗ ನನಗೆ ನನ್ನ ಮೇಲೆ ಬಹಳ ಅಭಿಮಾನ ಬರುತ್ತದೆ.

ಆ ವರ್ಷದ ದೀಪಾವಳಿಗೆ ಅಕ್ಕ ಬಂದಾಗ ಆತ್ಯಾ ಕಳಿಸಿದ ಹೊಸ ವರ್ಷದ ತಖ್ತೆಯನ್ನು, ಅವರ ತಿಂಗಳು ತಾರೀಖುಗಳ ಪಟ್ಟಿಯನ್ನು, ನನ್ನ ಕೈಗೆ ಕೊಟ್ಟಳು. ದೊಡ್ಡ ಹಾಳೆ, ಪ್ಲಾಸ್ಟಿಕ್ಕಿನ ಚೀಲದಲ್ಲಿ ನಾಲ್ಕು ಮಡಿಕೆ. ಒಂದು ಕಡೆ ಅವರ ಲಿಪಿ, ಒಂದು ಕಡೆ ಮರಾಠಿ. "ನನ್ನ ಕಣ್ಣಿಗೆ ಈ ಸಣ್ಣ ಅಕ್ಷರ ಕಾಣಂಗಿಲ್ಲ. ಅವ್ರು ಹೋದ ದಿನ, ಅದಾರ್ ತಿಂಗಳ ಹದಿನೆಂಟು, ಇಂಗ್ಲೀಷಿನ್ಯಾಗ ಯಾವತ್ತು ಬರ್ತದ, ನೋಡಿ ಹೇಳು" ಎಂದಳು. ನಾನು ಅದನ್ನು ಕಪಾಟಿನಲ್ಲಿ ಮಹಾನಂದಾಳ ಸೀರೆಗಳ ಕೆಳಗಿಟ್ಟೆ. ಮೊಬೈಲಿನಲ್ಲಿ ಗಂಟೆ ಇದೆಯಲ್ಲ, ಮತ್ತೇನು ನೋಡುವುದು?

2024ರ ಮಾರ್ಚ್ ಹನ್ನೊಂದಕ್ಕೆ ಗಂಟೆ ಬಾರಿಸಿತು. ಮಲ್ಲಿಗೆಯ ಹಾರ ಕೊಂಡು, ಮಧ್ಯಾಹ್ನದ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಇವತ್ತ್ಯಾಕ ಬಂದಿ?"

"ಇವತ್ತ್ಯಾಕ ಅಂದ್ರ? ದಾಜಿ ದಿನ ಅಲ್ಲಾ ಇವತ್ತು?"

"ಇನ್ನಾ ದೂರ ಅದಪ್ಪ. ಈ ವರ್ಷ ಅವ್ರಿಗೆ ಹದಿಮೂರು ತಿಂಗಳ. ಎರಡೆರಡು ಅದಾರ್ ಬಂದಾವ. ಎರಡನೇದ್ದು ಇವತ್ತ ಹುಟ್ಯಾದ. ದೀಪಕ್ಕ ಇನ್ನಾ ಹದಿನಾರು ದಿನ ಬೇಕು, ಅವ್ರು ಕಲಿಸಿದ ಲೆಕ್ಕ ಹಾಕೀನಿ. ನಾ ಕೊಟ್ಟ ಹಾಳ್ಯಾಗ ನೋಡಲಿಲ್ಲೇನು?"

ಹದಿಮೂರು ತಿಂಗಳು ಎಂಬ ಮಾತು ಕೇಳಿ ನನಗೆ ಭಯವಾಯಿತು. ಅಕ್ಕನಿಗೆ ಅರವತ್ತು ದಾಟಿತ್ತು, ಒಬ್ಬಳೇ ಇದ್ದಳು. ಆದರೂ ನಾನು ನ್ಯಾಯವಂತ, ಪರೀಕ್ಷೆ ಮಾಡಿಯೇ ತೀರ್ಮಾನಿಸುವವ. ಅಧಿಕ ಮಾಸ ಎಂಬುದು ನಮ್ಮಲ್ಲೂ ಇದೆ, ನನಗೆ ಗೊತ್ತು. ಎದ್ದು ಅವಳ ಗೋಡೆಯ ಮೇಲಿನ ನಮ್ಮ ಮರಾಠಿ ಕ್ಯಾಲೆಂಡರಿನ ಹನ್ನೆರಡೂ ಪುಟ ತಿರುವಿದೆ. 2024ರಲ್ಲಿ ಅಧಿಕ ಮಾಸ ಎಲ್ಲೂ ಇರಲಿಲ್ಲ. ಅಲ್ಲಿಗೆ ಮುಗಿಯಿತು, ಅಕ್ಕನ ತಲೆ ಜಾರುತ್ತಿದೆ.

ತಂದ ಹಾರ ಬಾಡಬಾರದೆಂದು ದಾಜಿಯ ಫೋಟೊಕ್ಕೆ ನಾನೇ ಹಾಕಿದೆ. ಅಕ್ಕ ಶೇಂಗಾ ಸುಲಿಯುತ್ತಲೇ ಇದ್ದಳು. ಹೊರಗೆ ಬಂದು ತಾರಾಬಾಯಿಗೆ, "ಸ್ವಲ್ಪ ಲಕ್ಷ ಇರಲಿ ಬಾಯಿ. ಅಕ್ಕನ ತಲಿ ಈಗ ಸರಿ ಇಲ್ಲ. ಗಂಡ ಸತ್ತ ದಿನಾನೂ ನೆಪ್ಪಿಲ್ಲ, ವರ್ಷಕ್ಕ ಹದಿಮೂರು ತಿಂಗಳ ಅಂತಾಳ" ಎಂದೆ. ತಾರಾಬಾಯಿ "ಅಗೋ ಬಾಈ" ಎಂದು ಗಲ್ಲಕ್ಕೆ ಕೈ ಹಚ್ಚಿದರು. ನನ್ನ ಕಾಳಜಿ ನನಗೇ ಮೆಚ್ಚುಗೆಯಾಯಿತು. ಓಣಿಯಲ್ಲಿ ಇನ್ನಿಬ್ಬರಿಗೂ ಹೇಳಿ ಬಸ್ಸು ಹತ್ತಿದೆ.

ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ, ಮಹಾನಂದಾ ಕರೆದಿದ್ದಾಳೆಂದು ಸುಳ್ಳು ಹೇಳಿ ಅಕ್ಕನನ್ನು ಸೋಲಾಪುರಕ್ಕೆ ಕರೆತಂದೆ. ಒಬ್ಬ ಡಾಕ್ಟರರ ಹತ್ತಿರ ಒಯ್ದೆ. ಅವರು ಮೆತ್ತಗೆ ಕೇಳಿದರು, "ಅಜ್ಜಿ, ಇದು ಯಾವ ತಿಂಗಳ?"

"ಯಾವ ಕ್ಯಾಲೆಂಡರಿಂದು ಸಾಹೇಬ್ರ?"

ನಾನು ಡಾಕ್ಟರರ ಕಡೆ ನೋಡಿದೆ, ನೋಡಿದಿರಾ ಎನ್ನುವಂತೆ. ಅವರಿಗೆ ತಮಾಷೆ ಅನ್ನಿಸಿತು. "ಎಷ್ಟು ಗೊತ್ತದಾವ ಅಷ್ಟೂ ಹೇಳ್ರಿ" ಎಂದರು. ಅಕ್ಕ ಬೆರಳು ಮಡಚುತ್ತ ಹೇಳಿದಳು: "ಇಂಗ್ಲೀಷಿಂದು ಮಾರ್ಚ್. ನಮ್ಮದು ಫಾಲ್ಗುಣ. ನಮ್ಮ ಓಣಿ ಸಾಬರದು ರಮಜಾನ್. ನಮ್ಮ ಮಾಲಕರದು ಅದಾರ್, ಎರಡನೇದ್ದು." ಡಾಕ್ಟರರು ನಕ್ಕು, ಇವರು ನನಗಿಂತ ಗಟ್ಟಿ ಇದ್ದಾರೆ ಎಂದು ಶಕ್ತಿಯ ಗುಳಿಗೆ ಬರೆದು ಕಳಿಸಿದರು. ದಾರಿಯುದ್ದಕ್ಕೂ ನಾನು ಅಂದುಕೊಂಡದ್ದು, ಪಾಪ, ಡಾಕ್ಟರರಿಗೆ ಗೊತ್ತಾಗಲಿಲ್ಲ.

ಮಾರ್ಚ್ ಇಪ್ಪತ್ತೇಳರ ಸಂಜೆ ಬಂತು. ಹೋಳಿ ಹೋಗಿ ಮೂರು ದಿನ. ಅಂಗಡಿಯಿಂದ ಬಂದು ನೋಡಿದರೆ ಅಕ್ಕ ಗಾಜಿನ ಲೋಟಕ್ಕೆ ಅರ್ಧ ನೀರು ಹಾಕಿ, ಮೇಲೆ ಖೊಬ್ಬರಿ ಎಣ್ಣೆ ಬಿಟ್ಟು, ಬತ್ತಿ ಹೊಸೆಯುತ್ತಿದ್ದಳು.

"ಇದೇನಕ್ಕಾ?"

"ಅವ್ರ ದೀಪ. ಸೂರ್ಯ ಮುಳಗಾಕ ಬಂದಾನ, ಕಡ್ಡಿಪೆಟ್ಟಿಗಿ ಕೊಡು."

"ಅದು ಆಗಿಹೋಗ್ಯಾದ. ಹನ್ನೊಂದಕ್ಕ ನಾನೇ ಬಂದು ಹಾರ ಹಾಕೀನಿ. ನಿನಗ ನೆಪ್ಪಿಲ್ಲ."

"ನನಗ ಎಲ್ಲಾ ನೆಪ್ಪದ. ನೀ ಹಾಳಿ ನೋಡು."

"ನೋಡೂದು ಬ್ಯಾಡ, ಮಾಡೂದು ಬ್ಯಾಡ. ಹಬ್ಬದ ದಿನದಾಗ ಮನ್ಯಾಗ ಸತ್ತವರ ದೀಪ ಹಚ್ಚಿ, ನಾಳಿಗೆ ಮತ್ತ ಮರತು ಇನ್ನೊಂದು ಹಚ್ತಿ."

ಮಹಾನಂದಾ ಒಳಗಿನಿಂದ, "ಹಚ್ಚಲಿ ಬಿಡ್ರೀ, ಎಣ್ಣಿ ನಾನೇ ಕೊಟ್ಟೀನಿ" ಎಂದಳು. ಇಬ್ಬರು ಹೆಂಗಸರು ಒಂದಾದರೆಂದು ನನಗೆ ಇನ್ನಷ್ಟು ಹಟ ಬಂತು. ಲೋಟ ಇಸಿದುಕೊಂಡೆ. ಅಕ್ಕ ಜಗ್ಗಾಡಲಿಲ್ಲ. ಬತ್ತಿಯನ್ನು ಮಾತ್ರ ಬೆರಳಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಬೀದಿಯ ದೀಪ ಹತ್ತಿತು. "ಮುಳಗಿದ" ಎಂದಳು. ಅಷ್ಟೇ.

ಇದಾಗಿ ಮೂರೂವರೆ ವಾರಕ್ಕೆ ಠಾಣೆಯಿಂದ ರಿವ್ಕಾ ಆತ್ಯಾ ಫೋನ್ ಮಾಡಿದರು. ಅವತ್ತಿನ ಸಂಜೆ ಅವರ ಪೆಸಾಹ್ ಹಬ್ಬ ಶುರು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಕುಶಲ ಕೇಳಿ, ದೀಪ ಸರಿಯಾಗಿ ಹಚ್ಚಿದಿರಲ್ಲ ಎಂದರು. ನಾನು ತಗ್ಗಿದ ದನಿಯಲ್ಲಿ ಅಕ್ಕನ ಸ್ಥಿತಿಯನ್ನೆಲ್ಲ ವಿವರಿಸಿದೆ. ಆಮೇಲೆ ಆತ್ಯಾ ಮರಾಠಿಯಲ್ಲಿ ಕೇಳಿದರು:

"ನಿಮ್ಮ ಗಣಪತಿ ಪ್ರತಿ ವರ್ಷ ಒಂದೇ ತಾರೀಖಿಗೆ ಬರ್ತಾನೇನು?"

"ಇಲ್ಲ."

"ಮತ್ತೆ ಅವನಿಗೆ ತಲೆ ಸರಿ ಇಲ್ಲ ಅಂತ ಯಾರಿಗಾದರೂ ಹೇಳಿದ್ದೀಯಾ?"

ಆತ್ಯಾ ಹಿಂದೆ ಸಾಲೆಯಲ್ಲಿ ಕಲಿಸುತ್ತಿದ್ದವರು. ನನಗೆ ನಾಲ್ಕನೆಯ ಇಯತ್ತೆಯ ಬೆಂಚಿನ ಮೇಲೆ ಮತ್ತೆ ಕೂತಂತಾಯಿತು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಅವರ ತಿಂಗಳು ಚಂದ್ರನದು, ನಮ್ಮಂತೆಯೇ. ಒಂದು ಇಪ್ಪತ್ತೊಂಬತ್ತು ದಿನ, ಒಂದು ಮೂವತ್ತು. ಹನ್ನೆರಡು ಕೂಡಿದರೆ ಮುನ್ನೂರ ಐವತ್ತನಾಲ್ಕರ ಆಸುಪಾಸು. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಅವರ ಹಬ್ಬಗಳು ಇಂಗ್ಲಿಷ್ ತಾರೀಖಿನಲ್ಲಿ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತವೆ. ಹಾಗೇ ಬಿಟ್ಟರೆ ರಮಜಾನಿನಂತೆ ಬೇಸಿಗೆ, ಚಳಿ, ಮಳೆ ಎಲ್ಲ ಋತುವನ್ನೂ ಸುತ್ತಿ ಬರುತ್ತವೆ. ಸಾಬರು ಹಾಗೆ ಸುತ್ತಲು ಬಿಡುತ್ತಾರೆ, ಅದು ಅವರ ಪದ್ಧತಿ. ಯಹೂದಿಗಳಿಗೆ ಹಾಗೆ ನಡೆಯುವುದಿಲ್ಲ. ಪೆಸಾಹ್ ವಸಂತದಲ್ಲೇ ಬರಬೇಕು, ಅವರ ನಾಡಿನಲ್ಲಿ ಜವೆಗೋಧಿ ಮಾಗುವ ಹೊತ್ತಿಗೆ, ಎಂದು ಅವರ ಧರ್ಮಗ್ರಂಥದ ಆಜ್ಞೆ. ಹಿಂದಿನ ಕಾಲದಲ್ಲಿ ಹಿರಿಯರು ಹೊಲದ ತೆನೆ ನೋಡಿ, ಇನ್ನೂ ಹಸಿ ಇದ್ದರೆ ಒಂದು ತಿಂಗಳು ಸೇರಿಸಿ ಕಾಯುತ್ತಿದ್ದರಂತೆ. ಸೀತನಿಯನ್ನು ಹಿಸುಕಿ ನೋಡಿ ಇನ್ನೂ ಹಾಲು ಅದ ಎನ್ನುತ್ತಿದ್ದ ನನ್ನ ಅಪ್ಪನಂತೆ. ಆಮೇಲೆ ಮಂದಿ ದೇಶದೇಶಕ್ಕೆ ಚದುರಿದರು. ಒಂದು ಹೊಲ ಎಲ್ಲರಿಗೂ ಕಾಣದು. ಅದಕ್ಕೆ ತೆನೆಯನ್ನು ಬಿಟ್ಟು ಲೆಕ್ಕ ಹಿಡಿದರು. ಹತ್ತೊಂಬತ್ತು ವರ್ಷದ ಒಂದು ಸುತ್ತು. ಅದರಲ್ಲಿ ಏಳು ವರ್ಷಕ್ಕೆ ಹದಿಮೂರು ತಿಂಗಳು: ಮೂರು, ಆರು, ಎಂಟು, ಹನ್ನೊಂದು, ಹದಿನಾಲ್ಕು, ಹದಿನೇಳು, ಹತ್ತೊಂಬತ್ತನೆಯದಕ್ಕೆ. ಹತ್ತೊಂಬತ್ತು ವರ್ಷದಲ್ಲಿ ಚಂದ್ರ ಇನ್ನೂರ ಮೂವತ್ತೈದು ತಿಂಗಳು ಮುಗಿಸುತ್ತಾನೆ, ಸೂರ್ಯನೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತಾನೆ.

"ಈಗ ಬರೆದುಕೋ" ಎಂದರು ಆತ್ಯಾ. "ಈ ವರ್ಷ ನಮ್ಮದು ಐದು ಸಾವಿರದ ಏಳುನೂರ ಎಂಬತ್ತನಾಲ್ಕು. ಹತ್ತೊಂಬತ್ತರಿಂದ ಭಾಗಿಸು. ಎಷ್ಟು ಉಳಿಯಿತು?"

ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿದೆ. ಮುನ್ನೂರ ನಾಲ್ಕು, ಚುಕ್ಕೆ, ಆಮೇಲೆ ಸಾಲಾಗಿ ಅಂಕಿಗಳು. ಶೇಷ ಎಂಬುದು ಅದರಲ್ಲಿ ಬರುವುದೇ ಇಲ್ಲ! ಎಂಥ ದೈವ ನೋಡಿ, ಅರ್ಧ ಶತಮಾನ ತಪ್ಪಿಸಿಕೊಂಡು ತಿರುಗಿದ್ದು ಠಾಣೆಯಿಂದ ಫೋನಿನಲ್ಲಿ ಬಂದು ಹಿಡಿಯಿತು. ಚಾದರಿನ ಹೊದಿಕೆಯ ಕಾಗದದ ಮೇಲೆ, ಅಕ್ಕ ಕಲಿಸಿದಂತೆ, ಉದ್ದಕ್ಕೆ ಭಾಗಿಸಿದೆ. ಹತ್ತೊಂಬತ್ತು ಮೂರ್ಲೆ ಐವತ್ತೇಳು. ಕೆಳಗಿಳಿಸಿದ್ದು ಎಂಟು, ಹೋಗುವುದಿಲ್ಲ, ಸೊನ್ನೆ. ಆಮೇಲೆ ನಾಲ್ಕು ಇಳಿಸಿದರೆ ಎಂಬತ್ತನಾಲ್ಕು. ಹತ್ತೊಂಬತ್ತು ನಾಕ್ಲೆ ಎಪ್ಪತ್ತಾರು.

"ಎಂಟು ಉಳೀತು."

"ಎಂಟು ಪಟ್ಟಿಯಲ್ಲಿದೆಯೇ?"

ಮೂರು, ಆರು, ಎಂಟು. ಇತ್ತು.

ಹೆಚ್ಚಿನ ತಿಂಗಳನ್ನು ಅವರು ಯಾವಾಗಲೂ ಒಂದೇ ಜಾಗಕ್ಕೆ ಸೇರಿಸುತ್ತಾರೆ, ಅದಾರಿಗೆ. ಪೆಸಾಹದ ತಿಂಗಳಿಗಿಂತ ಮುಂಚಿನದು ಅದು, ಕಾಯುವುದಿದ್ದರೆ ಅಲ್ಲೇ ಕಾಯಬೇಕು. ಮೊದಲನೆಯದು ಅದಾರ್ ರಿಶೋನ್, ಮೂವತ್ತು ದಿನ. ಎರಡನೆಯದು ಅದಾರ್ ಶೇನಿ, ಇಪ್ಪತ್ತೊಂಬತ್ತು ದಿನ. ಮೊದಲನೆಯದೇ ಸೇರಿಸಿದ್ದು, ಎರಡನೆಯದೇ ಅಸಲಿ. ಅದಾರಿನ ಹಬ್ಬ ಪುರೀಮ್ ಎರಡನೆಯದರಲ್ಲೇ ಬರುತ್ತದೆ. ಸಾದಾ ವರ್ಷದ ಅದಾರಿನಲ್ಲಿ ತೀರಿಕೊಂಡವರ ದೀಪವನ್ನು ಕೆಲವು ಕಡೆಯ ಯಹೂದಿಗಳು ಮೊದಲನೆಯದರಲ್ಲಿ ಹಚ್ಚುತ್ತಾರಂತೆ, ಕೆಲವರು ಎರಡರಲ್ಲೂ. ದಾಜಿಯ ಮನೆಯ ರೂಢಿ ಎರಡನೆಯದು. ನನ್ನ ಮಾರ್ಚ್ ಹನ್ನೊಂದು ಆ ವರ್ಷ ಯಾವುದಕ್ಕೂ ಸಲ್ಲದ ದಿನ.

"ಆದರ ನಮ್ಮ ಕ್ಯಾಲೆಂಡರಿನ್ಯಾಗ ಅಧಿಕ ಇರಲಿಲ್ಲಲ್ಲ ಆತ್ಯಾ?" ಎಂದೆ, ಮುಳುಗುವವನು ಕೈ ಚಾಚಿದ ಹಾಗೆ.

"ನಿಮ್ಮದು ನಮ್ಮ ಹಾಗೆ ಒಂದೇ ಜಾಗದಲ್ಲಿ ಕೂರುವುದಿಲ್ಲಪ್ಪ. ಸೂರ್ಯ ರಾಶಿ ದಾಟದ ತಿಂಗಳು ಯಾವುದೋ ಅದು ಅಧಿಕ. ನಿಮಗೆ ಹೋದ ವರ್ಷವೇ ಬಂದು ಹೋಯಿತು, ಶ್ರಾವಣದಲ್ಲಿ."

ಫೋನ್ ಹಿಡಿದುಕೊಂಡೇ ನಾನು ತಣ್ಣಗಾದೆ. ಹೋದ ವರ್ಷದ ಅಧಿಕ ಶ್ರಾವಣ. ಮರಾಠಿಯಲ್ಲಿ ಧೋಂಡ್ಯಾಚಾ ಮಹಿನಾ, ಅಳಿಯಂದಿರಿಗೆ ಊಟ ಹಾಕುವ ತಿಂಗಳು. ನಾನು ಮಾವನ ಮನೆಯಲ್ಲಿ ಹೊಸ ಅಂಗಿ ತೊಟ್ಟು, ಕೂತು, ಹೂರಣದ ಧೋಂಡೆ ಏಳು ತಿಂದಿದ್ದೆ, ಎಂಟನೆಯದಕ್ಕೆ ಮುನಿಸಿಕೊಂಡಿದ್ದೆ. ಆ ತಿಂಗಳನ್ನು ತಿಂದು ಅರಗಿಸಿಕೊಂಡವನೇ ಅದು ಎಲ್ಲಿ ಹೋಯಿತೆಂದು ಅಕ್ಕನ ಗೋಡೆಯಲ್ಲಿ ಹುಡುಕಿದ್ದೆ. ಆ ತಿಂಗಳ ದೆಸೆಯಿಂದಲೇ ನಮ್ಮ ಹೋಳಿಯೂ ಮಾರ್ಚ್ ಆರೇಳರಿಂದ ಇಪ್ಪತ್ತನಾಲ್ಕಕ್ಕೆ ಜಿಗಿದಿತ್ತು. ದಾಜಿ ಹೋದದ್ದು ಹೋಳಿಯಾಗಿ ನಾಲ್ಕು ದಿನಕ್ಕೆ, ಸಂಕಷ್ಟಿಯ ದಿನ. ಹಾರ ಹಿಡಿದು ನಾನು ಬಸ್ಸಿಳಿದ ಹೊತ್ತಿಗೆ ಹೋಳಿ ಇನ್ನೂ ಬಂದೇ ಇರಲಿಲ್ಲ. ಅಮಾವಾಸ್ಯೆಯ ಮರುದಿನ ಅದು. ಕತ್ತೆತ್ತಿ ನೋಡಿದ್ದರೆ ಚಂದ್ರನೇ ಹೇಳುತ್ತಿದ್ದ. ಹೊಲದಲ್ಲಿ ಬೆಳೆದವನು ನಾನು, ಕತ್ತು ಬಗ್ಗಿಸಿ ಮೊಬೈಲು ನೋಡಿದೆ.

"ಹಂಗಾದ್ರ ಇನ್ನ ಮ್ಯಾಲ ಹೋಳಿಯಿಂದ ನಾಕು ದಿನ ಎಣಿಸಿದ್ರ ಸಾಕಲ್ಲ?" ಎಂದೆ.

"ಹೆಚ್ಚಿನ ವರ್ಷ ನಡೆಯುತ್ತದೆ. ಆದರೆ ಕೊರೊನಾದ ಎರಡನೆಯ ವರ್ಷ ನಮ್ಮ ಪುರೀಮ್ ಫೆಬ್ರುವರಿ ಕೊನೆಗೆ ಬಂತು, ನಿಮ್ಮ ಹೋಳಿ ಮಾರ್ಚ್ ಕೊನೆಗೆ. ಒಂದು ತಿಂಗಳು ತಪ್ಪಿತ್ತು. ತಖ್ತೆ ನೋಡುವುದೇ ಮೇಲು. ಅದು ನಿನ್ನ ಹತ್ತಿರವೇ ಇದೆ ಅಂತ ಶಾಂತಾ ಹೇಳಿದ್ದಳಲ್ಲ?"

ಸೀರೆಗಳ ಕೆಳಗಿನಿಂದ ತೆಗೆದೆ. ಮಡಿಕೆ ಬಿಚ್ಚಿದೆ. ದೇವನಾಗರಿಯಲ್ಲಿ ದಪ್ಪಗೆ, ಅದಾರ್ ರಿಶೋನ್ ಒಂದು ಚೌಕ, ಅದಾರ್ ಶೇನಿ ಇನ್ನೊಂದು ಚೌಕ. ಓದಲು ನಾಲ್ಕನೆಯ ಇಯತ್ತೆ ಧಾರಾಳ ಸಾಕಿತ್ತು. ಹಾಳೆ ಕೈಯಲ್ಲಿದ್ದಾಗಲೇ ಅಕ್ಕ ಸ್ನಾನ ಮುಗಿಸಿ ಬಂದಳು. ನೋಡಿದಳು. ನಾನು ಅದನ್ನು ಮಡಿಸಿ ಕೊಟ್ಟು, "ಆತ್ಯಾ ಫೋನ್ ಮಾಡಿದ್ರು" ಎಂದೆ. ಬಾಯಿಗೆ ಬಂದದ್ದು ಇಷ್ಟೇ. ಅವಳು ಹಾಳೆಯನ್ನು ಚೀಲದಲ್ಲಿ ಹಾಕಿಕೊಂಡು ಮರುದಿನದ ಬಸ್ಸಿಗೆ ಅಕ್ಕಲಕೋಟಕ್ಕೆ ಹೋದಳು.

2025ರಲ್ಲಿ ದೀಪದ ಸಂಜೆ ಮಾರ್ಚ್ ಹದಿನೇಳು. ಈ ಸಲ ತಖ್ತೆ ಬಂದದ್ದು ತಾರಾಬಾಯಿಯ ಸೊಸೆಯ ಕೈಗೆ, ನನ್ನ ಕೈಗಲ್ಲ. ಭಾಗಾಕಾರ ಮಾಡಿ, ಆತ್ಯಾರನ್ನು ಕೇಳಿ, ನಾನೇ ಹೋದೆ. ಅಕ್ಕ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ದೀಪ ಹಚ್ಚಿದಳು, ಚಹಾ ಕೊಟ್ಟಳು. ನಾನು ಕಪ್ಪು ಕೆಳಗಿಟ್ಟು ಈಗ ಹೇಳಬೇಕು, ಈಗ ಹೇಳಬೇಕು ಅನ್ನುವಾಗ ತಾರಾಬಾಯಿ ಒಳಗೆ ಬಂದು, ಮಗುವನ್ನು ಮಾತಾಡಿಸುವ ಹಾಗೆ, "ಶಾಂತಾಬಾಯಿ, ಇವತ್ತ ಯಾವ ವಾರ ಹೇಳ್ರಿ ನೋಡಮು?" ಎಂದರು.

"ಸೋಮವಾರ" ಎಂದಳು ಅಕ್ಕ.

"ಹಾಂ, ಬರೋಬ್ಬರ" ಎಂದು ತಾರಾಬಾಯಿ ನನ್ನ ಕಡೆ ನೋಡಿ ಕಣ್ಣಲ್ಲೇ ತಲೆದೂಗಿದರು. ಲಕ್ಷ ಇಟ್ಟಿದ್ದೇನೆ ಎನ್ನುವ ಹಾಗೆ. ಒಂದು ವರ್ಷದಿಂದ ಓಣಿಯವರೆಲ್ಲ ಹೀಗೆ ಲಕ್ಷ ಇಟ್ಟಿದ್ದರು. ಹಾಲಿನವನು ಎರಡು ಸಲ ಎಣಿಸಿ ತೋರಿಸುತ್ತಿದ್ದ. ಸಾಲೆಯ ಹುಡುಗಿಯರು ಹಾಯುತ್ತ, "ಅಜ್ಜಿ, ವರ್ಷಕ್ಕ ಎಷ್ಟು ತಿಂಗಳ?" ಎಂದು ಕೇಳಿ ನಗುತ್ತ ಓಡುತ್ತಿದ್ದರು. ನಾನು ಬಿತ್ತಿದ್ದು ಬೆಳೆದು ನಿಂತಿತ್ತು. ಆ ದಿನವೂ ಹೇಳಲಿಲ್ಲ. ಬಸ್ಸು ತಪ್ಪೀತು ಎಂದು ಎದ್ದೆ. ಆ ಬಸ್ಸಿನ ಹಿಂದೆ ಇನ್ನೂ ಮೂರು ಬಸ್ಸಿದ್ದವು.

ಈ ವರ್ಷ ದೀಪದ ಸಂಜೆ ಮಾರ್ಚ್ ಆರು, ಶುಕ್ರವಾರ. ಶುಕ್ರವಾರವಾದ್ದರಿಂದ ಅವಸರ. ಸೂರ್ಯ ಮುಳುಗುವ ಮುಂಚೆಯೇ ಹಚ್ಚಬೇಕು, ಮೊದಲು ನೆನಪಿನ ದೀಪ, ಆಮೇಲೆ ಶನಿವಾರದ ಎರಡು ದೀಪ. ಮುಳುಗಿದ ಮೇಲೆ ಕಡ್ಡಿ ಗೀರುವಂತಿಲ್ಲ, ದಾಜಿ ಇದ್ದಾಗಿನ ಶಿಸ್ತು. ಅಂಗಡಿಯಿಂದ ಅರ್ಧ ದಿನಕ್ಕೇ ಎದ್ದು ಹೋದೆ. ಅಕ್ಕ ಹಲಗೆಯ ಮೇಲೆ ಲೋಟ ಇಟ್ಟುಕೊಂಡು ಕೂತಿದ್ದಳು.

"ಮುಂದಿನ ವರ್ಷ ಯಾವತ್ತು ಬರ್ತದ, ಲೆಕ್ಕ ಹಾಕಿಯೇನು?" ಎಂದು ಕೇಳಿದಳು. ದನಿಯಲ್ಲಿ ಹಳೆಯ ಸೀತನಿಯ ದಿನಗಳು ಸ್ವಲ್ಪ ಇದ್ದವು.

"ಐದು ಸಾವಿರದ ಏಳುನೂರ ಎಂಬತ್ತೇಳು. ಹತ್ತೊಂಬತ್ತರಿಂದ ಭಾಗಿಸಿದ್ರ ಹನ್ನೊಂದು ಉಳೀತದ. ಹದಿಮೂರು ತಿಂಗಳ. ನಮಗ ಅಧಿಕ ಈ ಬ್ಯಾಸಗಿಗೇ ಬರ್ತದ, ಜ್ಯೇಷ್ಠದಾಗ. ಅವ್ರಿಗೆ ಬರೂ ಫೆಬ್ರುವರಿಗೆ. ದೀಪ ಮಾರ್ಚ್ ಇಪ್ಪತ್ತಾರರ ಸಂಜಿಗೆ."

"ಕಾಳು ತಿನ್ನಲಿಲ್ಲಲ್ಲ?"

"ಇಲ್ಲಕ್ಕ."

"ನಿನ್ನ ಹನ್ನೊಂದನೇ ತಾರೀಖ ಬಿಡಬ್ಯಾಡ. ಹತ್ತೊಂಬತ್ತು ವರ್ಷ ಆದಮ್ಯಾಲ ಅದೂ ಕೂಡ್ತದಂತ, ಒಂದರ್ಧ ದಿನ ಆಚಿಗೆ ಈಚಿಗೆ. ಅವ್ರು ಹೇಳ್ತಿದ್ರು. ಅವತ್ತ ಹಾರ ತಗೊಂಡು ಬಾ."

ಅಷ್ಟರಲ್ಲಿ ತಾರಾಬಾಯಿ ಬಂದರು, ಸಂಕಷ್ಟಿಯ ಬಾಡಿದ ಮುಖದಲ್ಲಿ. ಚಂದ್ರ ಏಳುವ ತನಕ ಹೊತ್ತು ಹೋಗಬೇಕಲ್ಲ. ಕೂರುತ್ತಲೇ, "ಶಾಂತಾಬಾಯಿ, ಇವತ್ತ ಯಾವ ವಾರ?"

ಅಕ್ಕ ಬತ್ತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದುತ್ತ ಹೇಳಿದಳು. "ಶುಕ್ರವಾರ. ನಿಮ್ಮದು ಸಂಕಷ್ಟಿ. ಅವ್ರದು ಅದಾರ್ ಹದಿನೇಳು, ಇನ್ನ ಸ್ವಲ್ಪ ಹೊತ್ತಿಗೆ ಹದಿನೆಂಟು." ಮೂರು ವರ್ಷದ ಹಿಂದೆ ಇದೇ ಸಂಕಷ್ಟಿಯ ದಿನ, ಇದೇ ಜಾಗದಲ್ಲಿ, ಇದೇ ಬಾಡಿದ ಮುಖ ಅಕ್ಕನ ಪಕ್ಕ ಕೂತಿತ್ತು. ತಾರಾಬಾಯಿಗೆ ಅದು ನೆನಪಾಗಲಿಲ್ಲ. ಅವರು ನನ್ನ ಕಡೆ ತಿರುಗಿ ಎಂದಿನಂತೆ ಕಣ್ಣಲ್ಲೇ ತಲೆದೂಗಲು ಹೊರಟರು.

ಕಿಟಕಿಯಲ್ಲಿ ಬಿಸಿಲು ಗೋಡೆಯ ತುದಿಗೆ ಹೋಗಿತ್ತು. ಅಕ್ಕ ಕಡ್ಡಿಪೆಟ್ಟಿಗೆಗೆ ಕೈ ಚಾಚಿದಳು. ಅದು ನನ್ನ ಹತ್ತಿರ ಇತ್ತು. ಕೊಟ್ಟೆ. ಕೊಟ್ಟ ಕೈಯನ್ನು ಹಿಂದೆ ತೆಗೆಯದೆ, ತಾರಾಬಾಯಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಆ ವರ್ಷ ನಿನ್ನ ಲೆಕ್ಕ ಬರೋಬ್ಬರಿತ್ತು. ತಾರೀಖ ತಪ್ಪಿದಾಂವ ನಾನು. ನೀ ಕೊಟ್ಟ ಹಾಳಿ ಬಿಚ್ಚಿ ಸುದ್ದಾ ನೋಡಲಿಲ್ಲ. ನಿನ್ನ ತಲಿ ಸರಿ ಇಲ್ಲಂತ ಈ ತಾರಾಬಾಯಿಗೆ ಹೇಳಿದಾಂವ ನಾನು, ಓಣಿಗೆಲ್ಲಾ ಹೇಳಿದಾಂವ ನಾನು. ದಾಜೀದು ಮೊದಲನೇ ವರ್ಷದ ದೀಪ ನಿನ್ನ ಕೈಯಾಗಿಂದ ಕಸ್ಕೊಂಡೆ. ನಂದು ತಪ್ಪಾತಕ್ಕ. ನನಗ ಮಾಫ್ ಮಾಡು."